12 ಲಕ್ಷದೊಳಗಿದ್ದರೂ ತೆರಿಗೆ: ಆಡಿಟರ್ ಪತ್ರದಲ್ಲಿರಬೇಕಾದ ಲೆಕ್ಕ

ತೆರಿಗೆ ಹೋದ ವರ್ಷಕ್ಕಿಂತ ಹೆಚ್ಚು ಬಂದಾಗ ಆಡಿಟರ್ ಬರೆಯುವ ಪತ್ರ ಒಂದೇ ಪ್ರಶ್ನೆಗೆ ಉತ್ತರ ಕೊಡಬೇಕು: ಹೆಚ್ಚಾದ ಹಣ ಯಾವ ಆದಾಯದಿಂದ ಬಂತು? 2025-26ನೇ ಹಣಕಾಸು ವರ್ಷದಲ್ಲಿ ಈ ಪ್ರಶ್ನೆ ಬಹಳ ಮಂದಿಗೆ ಎದುರಾಗುವಂಥದ್ದು. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗೆ ತೆರಿಗೆಯಿಲ್ಲ ಎಂದು ಜನರು ತಿಳಿದಿದ್ದಾರೆ. ಆದರೆ ಷೇರು ಮಾರಿ ಬಂದ ಲಾಭಕ್ಕೆ ಆ ಮಾತು ಹೊಂದುವುದಿಲ್ಲ.

ದಾವಣಗೆರೆಯ ಖಾಸಗಿ ಕಾಲೇಜಿನ ಉಪನ್ಯಾಸಕಿಯೊಬ್ಬರ ಲೆಕ್ಕವನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. 2024-25ರಲ್ಲಿ ಅವರ ಸಂಬಳ 8,75,000 ರೂಪಾಯಿ. ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ ಉಳಿಯುವುದು 8 ಲಕ್ಷ. ಅದಕ್ಕೆ ಸೆಸ್ ಸೇರಿ 31,200 ರೂಪಾಯಿ ತೆರಿಗೆಯಾಯಿತು. ಮರುವರ್ಷ ಸಂಬಳ 9,25,000ಕ್ಕೆ ಏರಿತು. ಜತೆಗೆ ಕೊಂಡು ಎಂಟು ತಿಂಗಳಾಗಿದ್ದ ಷೇರುಗಳನ್ನು ಫೆಬ್ರುವರಿಯಲ್ಲಿ ಮಾರಿ 2,50,000 ರೂಪಾಯಿ ಲಾಭ ಪಡೆದರು. ಡಿಡಕ್ಷನ್ ಕಳೆದ ಮೇಲೆ ಒಟ್ಟು ಆದಾಯ 11 ಲಕ್ಷ, ಅಂದರೆ ಮಿತಿಯೊಳಗೇ ಇದೆ. ಆದರೂ ತೆರಿಗೆ 52,000 ರೂಪಾಯಿಗೆ ಬಂತು.

ಒಳ್ಳೆಯ ಪತ್ರ ಇದನ್ನು ಎರಡು ಭಾಗವಾಗಿ ಬಿಡಿಸಿ ಹೇಳುತ್ತದೆ. ಅದರ ಮುಖ್ಯ ಪ್ಯಾರಾ ಹೀಗಿರಬಹುದು:

"ಮೇಡಂ, ನಿಮ್ಮ ಸಂಬಳಕ್ಕೆ ಈ ವರ್ಷ ತೆರಿಗೆ ಇಲ್ಲ. ಸ್ಲ್ಯಾಬ್ ಪ್ರಕಾರ 25,000 ಬಂದಿತ್ತು, ರಿಬೇಟ್‌ನಿಂದ ಅಷ್ಟೂ ಹೋಯಿತು. ಕಟ್ಟಬೇಕಾದ ಹಣವೆಲ್ಲ ಷೇರು ಲಾಭದ ಮೇಲಿನದು: 2,50,000ಕ್ಕೆ ಶೇ 20ರಂತೆ 50,000, ಅದರ ಮೇಲೆ ಶೇ 4 ಸೆಸ್ 2,000."

ಇದರ ಹಿಂದಿನ ಕಾರಣ ಸರಳ. 12 ಲಕ್ಷದವರೆಗಿನ ಆದಾಯಕ್ಕೂ ಸ್ಲ್ಯಾಬ್ ಪ್ರಕಾರ ಮೊದಲು ತೆರಿಗೆ ಲೆಕ್ಕ ಹಾಕಲಾಗುತ್ತದೆ. ಆಮೇಲೆ ಆದಾಯ ತೆರಿಗೆ ಕಾಯ್ದೆಯ 87ಎ ಕಲಂ ಪ್ರಕಾರ 60,000 ರೂಪಾಯಿವರೆಗೆ ರಿಬೇಟ್ ಸಿಗುತ್ತದೆ. ಈ ರಿಬೇಟ್ ಸ್ಲ್ಯಾಬ್ ದರದ ತೆರಿಗೆಗೆ ಮಾತ್ರ ಅನ್ವಯಿಸುತ್ತದೆ. ಷೇರು ಲಾಭಕ್ಕೆ ಕಾಯ್ದೆ ಬೇರೆಯೇ ದರ ಇಟ್ಟಿರುವುದರಿಂದ ಅದರ ತೆರಿಗೆ ಹಾಗೆಯೇ ಉಳಿಯುತ್ತದೆ. ಆದಾಯ 12 ಲಕ್ಷ ದಾಟಿತೇ ಎಂದು ನೋಡುವಾಗ ಲಾಭವನ್ನು ಸೇರಿಸುತ್ತಾರೆ, ರಿಬೇಟ್ ಕೊಡುವಾಗ ಸೇರಿಸುವುದಿಲ್ಲ. ಗೊಂದಲ ಹುಟ್ಟುವುದು ಇಲ್ಲೇ.

ಹಳೆಯ ಪದ್ಧತಿಗೆ ಹೋದರೆ ಉಳಿತಾಯವಾಗುತ್ತದೆಯೇ ಎಂಬ ಪ್ರಶ್ನೆಗೂ ಪತ್ರದಲ್ಲಿ ಉತ್ತರ ಇರಬೇಕು. ಈ ಲೆಕ್ಕದಲ್ಲಿ ಆಗುವುದಿಲ್ಲ. ಷೇರು ಲಾಭದ ದರ ಎರಡೂ ಕಡೆ ಒಂದೇ, ಮೇಲಾಗಿ ಅಲ್ಲಿ ಸಂಬಳಕ್ಕೂ ತೆರಿಗೆ ಬೀಳುತ್ತದೆ.

ತೆರಿಗೆಯ ಮೊತ್ತ ನಿರ್ಧಾರವಾಗಿದ್ದು ಮಾರಿದ ದಿನಾಂಕದಿಂದ. ಷೇರು ಮಾರುಕಟ್ಟೆಯಲ್ಲಿ ನೋಂದಾಯಿತ ಷೇರನ್ನು ಕೊಂಡ 12 ತಿಂಗಳೊಳಗೆ ಮಾರಿದರೆ ಅದು ಅಲ್ಪಾವಧಿ ಬಂಡವಾಳ ಲಾಭ. ಅದರ ದರ 2024ರ ಜುಲೈ 23ರಿಂದ ಶೇ 15ರ ಬದಲು ಶೇ 20 ಆಗಿದೆ. 12 ತಿಂಗಳು ಮೀರಿದರೆ ಅದು ದೀರ್ಘಾವಧಿ ಲಾಭ. ಆಗ ವರ್ಷಕ್ಕೆ 1,25,000 ರೂಪಾಯಿವರೆಗೆ ತೆರಿಗೆಯಿಲ್ಲ, ಉಳಿದದ್ದಕ್ಕೆ ಶೇ 12.5. ಅಷ್ಟೇ ಲಾಭ ವರ್ಷ ತುಂಬಿದ ಮೇಲೆ ಬಂದಿದ್ದರೆ ಸೆಸ್ ಸೇರಿ 16,250 ರೂಪಾಯಿ ಸಾಕಾಗುತ್ತಿತ್ತು. ಹಾಗೆಂದು ಕಾಯುವುದೇ ಸರಿ ಎನ್ನಲಾಗದು, ಅಷ್ಟರಲ್ಲಿ ಷೇರಿನ ಬೆಲೆ ಇಳಿಯಲೂಬಹುದು.

ಮೂಲ ತೆರಿಗೆಯ ಮೇಲೆ ಬಡ್ಡಿಯೂ ಬೀಳುತ್ತದೆ. ಕಾಲೇಜಿನವರು ಸಂಬಳವನ್ನಷ್ಟೇ ನೋಡಿ ಟಿಡಿಎಸ್ ಹಿಡಿಯುತ್ತಾರೆ. ಸಂಬಳಕ್ಕೆ ತೆರಿಗೆ ಇಲ್ಲದ್ದರಿಂದ ಅವರು ಏನನ್ನೂ ಹಿಡಿದಿರುವುದಿಲ್ಲ. ಟಿಡಿಎಸ್ ಕಳೆದು ಉಳಿದ ತೆರಿಗೆ 10,000 ಅಥವಾ ಅದಕ್ಕಿಂತ ಹೆಚ್ಚಾದರೆ ಮುಂಗಡ ತೆರಿಗೆ ಕಟ್ಟಬೇಕು. ಫೆಬ್ರುವರಿಯ ಲಾಭಕ್ಕೆ ಮಾರ್ಚ್ 15ರ ಕಂತಿನಲ್ಲೇ ಕಟ್ಟಬೇಕಿತ್ತು. ಕಟ್ಟದಿದ್ದರೆ 234ಬಿ ಕಲಂ ಪ್ರಕಾರ ಏಪ್ರಿಲ್‌ನಿಂದ ತಿಂಗಳಿಗೆ ಶೇ 1 ಬಡ್ಡಿ, ಅರ್ಧ ತಿಂಗಳಾದರೂ ಪೂರ್ತಿ ತಿಂಗಳ ಲೆಕ್ಕ. ಜುಲೈನಲ್ಲಿ ಕಟ್ಟಿದರೆ ನಾಲ್ಕು ತಿಂಗಳಿಗೆ 2,080 ರೂಪಾಯಿ. ಕಂತು ತಪ್ಪಿದ್ದಕ್ಕೆ 234ಸಿ ಬಡ್ಡಿ ಬೇರೆ.

ಪತ್ರ ಕೈಗೆ ಬಂದ ಮೇಲೆ ಗ್ರಾಹಕರು ಮೂರು ಅಂಶಗಳನ್ನು ತಾಳೆ ನೋಡಬೇಕು. ಬ್ರೋಕರ್ ಕೊಟ್ಟ ಬಂಡವಾಳ ಲಾಭದ ಪಟ್ಟಿಯಲ್ಲಿ ಕೊಂಡ ಮತ್ತು ಮಾರಿದ ದಿನಾಂಕಗಳು ಸರಿಯಿರಬೇಕು. ಲಾಭದ ಮೊತ್ತದಿಂದ ಬ್ರೋಕರೇಜ್ ಕಳೆದಿರಬೇಕು. ಅದೇ ವರ್ಷ ಬೇರೆ ಷೇರಿನಲ್ಲಾದ ಅಲ್ಪಾವಧಿ ನಷ್ಟವಿದ್ದರೆ ಈ ಲಾಭಕ್ಕೆ ವಜಾ ಮಾಡಿರಬೇಕು. ಉಪನ್ಯಾಸಕಿಗೆ 40,000 ರೂಪಾಯಿಯ ಅಂಥ ನಷ್ಟವಿದ್ದು ಲೆಕ್ಕದಲ್ಲಿ ಬಿಟ್ಟುಹೋಗಿದ್ದರೆ, ಅದನ್ನು ಸೇರಿಸಿದಾಗ ಸೆಸ್ ಸಮೇತ 8,320 ರೂಪಾಯಿ ತೆರಿಗೆ ಇಳಿಯುತ್ತದೆ.