ನಾಯಿಗೆ ಮನೆ ಹುಡುಕುವ ನಾಲ್ಕು ಸಾಲು

ದತ್ತು ಕೊಡಬೇಕಾದ ನಾಯಿಯ ಫೋಟೊ ಕೆಳಗೆ ಬರೆಯುವ ನಾಲ್ಕಾರು ಸಾಲುಗಳು ನೋಡುವವರ ಕಣ್ಣು ಸೆಳೆಯಬೇಕು. ಆ ನಾಯಿಗೆ ಒಗ್ಗದ ಮನೆಯವರನ್ನು ಅಲ್ಲೇ ತಡೆಯಲೂ ಬೇಕು. ತಿಳಿಹಾಸ್ಯ ಮೊದಲನೆಯದಕ್ಕಷ್ಟೇ ಎಂದುಕೊಳ್ಳುವವರು ಹೆಚ್ಚು, ಆದರೆ ಅದರ ನಿಜವಾದ ಉಪಯೋಗ ಎರಡನೆಯದರಲ್ಲಿದೆ. ಕೆಟ್ಟ ಅಭ್ಯಾಸಗಳನ್ನು ಬರೀ ಪಟ್ಟಿ ಮಾಡಿದರೆ ದೂರು ಹೇಳಿದಂತಾಗುತ್ತದೆ. ಮುಚ್ಚಿಟ್ಟರೆ ಕೆಲವೇ ದಿನಗಳಲ್ಲಿ ನಾಯಿ ವಾಪಸು ಬರಬಹುದು.

2021ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಪ್ರಾನ್ಸರ್ ಎಂಬ ಚಿವಾವಾ ನಾಯಿಯ ಬಗ್ಗೆ ಬಂದ ಬರಹ ಇದಕ್ಕೆ ಒಳ್ಳೆಯ ಉದಾಹರಣೆ. ಗಂಡಸರು, ಮಕ್ಕಳು, ಬೇರೆ ಪ್ರಾಣಿಗಳು ಯಾರನ್ನೂ ಅದು ಸಹಿಸುತ್ತಿರಲಿಲ್ಲ. ತಾತ್ಕಾಲಿಕವಾಗಿ ಸಾಕುತ್ತಿದ್ದ ಮಹಿಳೆ ಇದನ್ನೆಲ್ಲ ಒಂದೂ ಬಿಡದೆ ನಗೆ ತುಂಬಿ ಬರೆದರು. ಬರಹ ದೇಶವಿದೇಶಗಳಿಗೆ ಹರಡಿತು. ಕೊನೆಗೆ ಪ್ರಾನ್ಸರ್‌ನನ್ನು ಕರೆದೊಯ್ದವರು ಕನೆಕ್ಟಿಕಟ್‌ನ ಮಹಿಳೆ. ಅವರ ಮನೆಯಲ್ಲಿ ಗಂಡಸರೂ ಇರಲಿಲ್ಲ, ಮಕ್ಕಳೂ ಇರಲಿಲ್ಲ.

ಬೆಂಗಳೂರಿನ ಬೀದಿಯಿಂದ ತಂದ ಎರಡು ವರ್ಷದ ಇಂಡಿ ನಾಯಿಯೊಂದಕ್ಕೆ ಹೀಗೆ ಬರೆಯಬಹುದು:

“ನನ್ನ ಹೆಸರು ಕರಿಯ. ಗ್ಯಾಸ್ ಸಿಲಿಂಡರ್ ತರುವವರು ಗೇಟು ದಾಟುವ ಮುನ್ನ ಊರಿಗೆಲ್ಲ ತಿಳಿಸುವುದು ನನ್ನ ಡ್ಯೂಟಿ. ದೀಪಾವಳಿಗೆ ರಜೆ, ಆಗ ಮಂಚದ ಕೆಳಗಿರುತ್ತೇನೆ. ಬೆಕ್ಕಿನ ಜೊತೆ ಮಾತುಕತೆ ಮುರಿದುಬಿದ್ದಿದೆ. ಮೊಸರನ್ನ ಇಟ್ಟವರನ್ನು ಮರೆಯುವುದಿಲ್ಲ.”

ಇಲ್ಲಿ ಒಂದೊಂದು ನಗೆಯ ಹಿಂದೆಯೂ ಒಂದು ಮಾಹಿತಿ ಇದೆ. ನಾಯಿ ಬೊಗಳುತ್ತದೆ ಎಂಬುದು ಒತ್ತೊತ್ತಾದ ಫ್ಲ್ಯಾಟುಗಳಲ್ಲಿ ಇರುವವರಿಗೆ ಮೊದಲೇ ಗೊತ್ತಾಗಬೇಕು. ಪಟಾಕಿಯ ಭಯ ತಿಳಿದವರು ಹಬ್ಬದ ದಿನಗಳಲ್ಲಿ ಕಿಟಕಿ ಬಾಗಿಲು ಭದ್ರ ಮಾಡುತ್ತಾರೆ. ಹೆದರಿ ಓಡಿಹೋದ ನಾಯಿಯನ್ನು ಹುಡುಕುವುದು ಬಹಳ ಕಷ್ಟ. ಬೆಕ್ಕಿರುವ ಮನೆಯವರು ಫೋನು ಮಾಡುವ ಮೊದಲೇ ಹಿಂದೆ ಸರಿಯುತ್ತಾರೆ. “ತುಂಬಾ ಮುದ್ದು, ಎಲ್ಲರಿಗೂ ಇಷ್ಟ” ಎಂಬ ಸಾಲು ಯಾವ ನಾಯಿಗಾದರೂ ಹೊಂದುತ್ತದೆ, ಹಾಗಾಗಿ ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಆ ನಾಯಿಯೊಂದೇ ಮಾಡುವ ಕೆಲಸವನ್ನು ಹಿಡಿಯಲು ಅದರ ಜೊತೆ ಕೆಲವು ದಿನ ಇದ್ದವರಿಗೇ ಸಾಧ್ಯ. ಆದ್ದರಿಂದ ಬರೆಯುವವರು ಮೊದಲು ತಾತ್ಕಾಲಿಕವಾಗಿ ಸಾಕಿದವರನ್ನು ಕೇಳಬೇಕು.

ಕೆಲವು ಸಂಗತಿಗಳನ್ನು ತಮಾಷೆಗೆ ಬಿಡುವಂತಿಲ್ಲ. ವಯಸ್ಸು, ಗಂಡೋ ಹೆಣ್ಣೋ, ರೇಬಿಸ್ ಲಸಿಕೆ ಹಾಕಿದ ದಿನ, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆಯೇ, ಕಾಯಿಲೆ ಇದ್ದರೆ ಯಾವ ಔಷಧಿ ನಡೆದಿದೆ ಎಂಬುದೆಲ್ಲ ಕೆಳಗೆ ಪ್ರತ್ಯೇಕವಾಗಿ, ನೇರ ಮಾತಿನಲ್ಲಿ ಇರಬೇಕು. ಹಿಂದೆ ಯಾರನ್ನಾದರೂ ಕಚ್ಚಿದ್ದರೆ ಅದೂ ಅಲ್ಲಿಯೇ. ಅದನ್ನು “ಸ್ವಲ್ಪ ತುಂಟ” ಎಂದು ಬರೆದರೆ ಪುಟ್ಟ ಮಕ್ಕಳಿರುವ ಮನೆಗೆ ಅಪಾಯವನ್ನು ಕಳಿಸಿದಂತೆ. ಕುಂಟುವ ಕಾಲು, ಕಾಣದ ಕಣ್ಣು ಕೂಡ ನಗೆಯ ವಸ್ತುವಲ್ಲ. ಮೂರೇ ಕಾಲಲ್ಲಿ ಸೋಫಾ ಹತ್ತುವ ಅದರ ಹಟವನ್ನು ಮಾತ್ರ ಧಾರಾಳವಾಗಿ ಬರೆಯಬಹುದು.

ಬರಹ ಚೆನ್ನಾಗಿದ್ದರೆ ಕರೆಗಳು ಬಹಳ ಬರುತ್ತವೆ, ಅವುಗಳಲ್ಲಿ ಎಷ್ಟೋ ಬರೀ ನಗೆಗೆ ಮನಸೋತವರವು. ಬಾಡಿಗೆ ಮನೆಯ ಮಾಲೀಕರ ಒಪ್ಪಿಗೆ ಇದೆಯೇ, ಹಗಲು ಮನೆಯಲ್ಲಿ ಯಾರಿರುತ್ತಾರೆ ಎಂದು ಕೇಳಿ, ಮನೆಗೆ ಹೋಗಿ ನೋಡಿಬಂದ ಮೇಲೆಯೇ ನಾಯಿಯನ್ನು ಒಪ್ಪಿಸಬೇಕು. ಒಪ್ಪಿಸಿದ ದಿನವೇ ಫೋಟೊ ಮೇಲೆ “ಮನೆ ಸಿಕ್ಕಿದೆ” ಎಂದು ಬರೆದರೆ, ಮುಂದೆ ಬರುವ ಕರೆಗಳನ್ನು ಇನ್ನೂ ಕಾಯುತ್ತಿರುವ ಬೇರೆ ನಾಯಿಗಳ ಕಡೆಗೆ ತಿರುಗಿಸಲು ಅನುಕೂಲ.