ಚೀಟಿಗಳಿಂದ ಪತ್ರಕ್ಕೆ: ಮೇಷ್ಟ್ರ ಶಿಫಾರಸು ರೂಪುಗೊಳ್ಳುವ ಬಗೆ

ಡಿಸೆಂಬರ್ ಹತ್ತಿರವಾಗುತ್ತಿದ್ದಂತೆ ನಮ್ಮ ಕಾಲೇಜುಗಳ ಸ್ಟಾಫ್ ರೂಮಿನ ಬಾಗಿಲಲ್ಲಿ ಹಳೆಯ ವಿದ್ಯಾರ್ಥಿಗಳು ಕಾಣಿಸಿಕೊಳ್ಳುತ್ತಾರೆ. ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಅರ್ಜಿಯ ಕೊನೆಯ ದಿನಾಂಕಗಳು ಡಿಸೆಂಬರ್, ಜನವರಿಯ ಆಸುಪಾಸಿನಲ್ಲೇ ಬೀಳುತ್ತವೆ. ಅರ್ಜಿಯ ಜೊತೆಗೆ ಎರಡೋ ಮೂರೋ ಶಿಫಾರಸು ಪತ್ರಗಳು ಬೇಕು. "ಸರ್, ಒಂದು ಲೆಟರ್ ಆಫ್ ರೆಕಮೆಂಡೇಶನ್ ಬೇಕಿತ್ತು" ಎಂದು ಕೇಳಿದರೆ, "ನೀನೇ ಬರೆದುಕೊಂಡು ಬಾರಪ್ಪ, ಸಹಿ ಹಾಕಿಕೊಡ್ತೀನಿ" ಎನ್ನುವ ಉತ್ತರ ನಮ್ಮಲ್ಲಿ ಮಾಮೂಲು.

ಅಲ್ಲಿಗೆ ಪತ್ರ ಕೆಟ್ಟಿತೆಂದೇ ಲೆಕ್ಕ. ಹುಡುಗ ತಾನೇ ಬರೆದ ಮೂರು ಪತ್ರಗಳಿಗೆ ಮೂವರು ಮೇಷ್ಟ್ರು ಸಹಿ ಹಾಕಿದರೆ ಮೂರರಲ್ಲೂ ಒಂದೇ ಬಗೆಯ ವಾಕ್ಯ, ಅವೇ ವಿಶೇಷಣಗಳು ಇರುತ್ತವೆ. ಅರ್ಜಿಯ ಜೊತೆ ಅವನು ಕೊಟ್ಟ ಸ್ವವಿವರಣೆಯ ಧಾಟಿಯೂ ಅದೇ. ಆಯ್ಕೆ ಸಮಿತಿಯವರು ಇವನ್ನೆಲ್ಲ ಒಂದೇ ಕಡತದಲ್ಲಿ ಒಟ್ಟಿಗೆ ಓದುತ್ತಾರೆ. ಇನ್ನೊಂದು ಗುರುತೂ ಇದೆ. ಹುಡುಗನ ಮನಸ್ಸಿನೊಳಗೆ ಏನಿತ್ತು, ಚಿಕ್ಕಂದಿನಿಂದ ಅವನ ಕನಸೇನು ಎಂಬುದು ಮೇಷ್ಟ್ರ ಪತ್ರದಲ್ಲಿ ಬಂದರೆ ಅದನ್ನು ಬರೆದವರು ಯಾರೆಂದು ಕೇಳಬೇಕಾಗಿಲ್ಲ. ಪ್ರಯೋಗಾಲಯದ ಮೇಜಿನ ಈಚೆ ನಿಂತು ಮೇಷ್ಟ್ರು ಕಂಡದ್ದೇನು ಎಂಬುದಷ್ಟೇ ಪತ್ರದಲ್ಲಿ ಇರಬೇಕಾದದ್ದು.

ಆದರೆ ಕಂಡದ್ದು ಒಂದೇ ಕಡೆ ಸಿಗುವುದಿಲ್ಲ. ಹಾಜರಿ ಪುಸ್ತಕದ ಅಂಚಿನಲ್ಲಿ ಒಂದು ಗೀಚು, ವೈವಾ ಅಂಕಪಟ್ಟಿಯ ಹಿಂದೆ ಇನ್ನೊಂದು, ಪ್ರಾಜೆಕ್ಟ್ ವರದಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದದ್ದು ಮತ್ತಷ್ಟು. ಇವುಗಳಿಂದ ಪತ್ರ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ತುಮಕೂರು ಕಡೆಯ ಒಂದು ಪದವಿ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರು. ಬಿ.ಎಸ್ಸಿ. ಮುಗಿಸಿದ ವಿದ್ಯಾರ್ಥಿನಿಯೊಬ್ಬಳು ಹೊರದೇಶದಲ್ಲಿ ಪರಿಸರ ರಸಾಯನಶಾಸ್ತ್ರದ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕುತ್ತಿದ್ದಾಳೆ. ಮೇಷ್ಟ್ರು ಹುಡುಕಿ ತೆಗೆದ ಟಿಪ್ಪಣಿಗಳು, ಸಿಕ್ಕ ಕ್ರಮದಲ್ಲೇ, ಹೀಗಿವೆ:

"ಒಳ್ಳೆಯ ಹುಡುಗಿ, ಬಹಳ ಶಿಸ್ತು. 3ನೇ ಸೆಮಿಸ್ಟರ್ ಭೌತ ರಸಾಯನ 58, 5ನೇ ಸೆಮಿಸ್ಟರ್ ವಿಶ್ಲೇಷಣಾ ರಸಾಯನ 81. ಭಾವಗೀತೆಯಲ್ಲಿ ಮೊದಲ ಬಹುಮಾನ. ಪಾವಗಡ ಕೊಳವೆ ಬಾವಿ, ಫ್ಲೋರೈಡ್, 24 ಮಾದರಿ; ರೀಡಿಂಗ್ ಹೊಂದಲಿಲ್ಲ, ಫ್ರಿಜ್ ಎಂದು ತಾನೇ ಹೇಳಿದಳು, ಎಲ್ಲ ಮತ್ತೆ ಮಾಡಿದಳು. ತಂದೆಗೆ ಕಾಯಿಲೆ, 3ನೇ ಸೆಮಿಸ್ಟರ್ ಹಾಜರಿ ಕಡಿಮೆ. ಎನ್ನೆಸ್ಸೆಸ್ ಶಿಬಿರ, ಚೆನ್ನಾಗಿ ಕೆಲಸ ಮಾಡಿದಳಂತೆ. ಜೂನಿಯರ್‌ಗಳಿಗೆ ಟೈಟ್ರೇಶನ್ ತೋರಿಸಿಕೊಟ್ಟಳು. ವರದಿ ಮೊದಲ ಕರಡು ಗೋಜಲು, ಎರಡನೆಯದು ಪರವಾಗಿಲ್ಲ. ವೈವಾದಲ್ಲಿ ಮೊದಲು ತಡವರಿಸಿದಳು."

ಇದನ್ನು ಇದೇ ಕ್ರಮದಲ್ಲಿ ಇಂಗ್ಲಿಷಿಗೆ ತಂದು ಕೊನೆಗೆ "ಶುಭವಾಗಲಿ" ಎಂದು ಸೇರಿಸಿದರೆ ನಮ್ಮಲ್ಲಿ ಹೊರಡುವ ಬಹುಪಾಲು ಪತ್ರಗಳ ಹಾಗೇ ಆಗುತ್ತದೆ. ಗುಣ, ಅಂಕ, ಹಾಡು, ನೀರು, ಶಿಬಿರ ಎಲ್ಲವೂ ಇವೆ, ಒಂದಕ್ಕೊಂದು ಸಂಬಂಧ ಮಾತ್ರ ಇಲ್ಲ.

ಮೇಷ್ಟ್ರು ಮೊದಲು ಮಾಡಬೇಕಾದದ್ದು ಒಂದೊಂದು ಟಿಪ್ಪಣಿಯನ್ನೂ ಬೇರೆ ಬೇರೆ ಚೀಟಿಗೆ ಬರೆದು, ಪ್ರತಿ ಚೀಟಿಗೂ ಎರಡು ಪ್ರಶ್ನೆ ಕೇಳುವುದು. ಇದನ್ನು ನಾನೇ ಕಂಡೆನೇ? ಈ ಕೋರ್ಸಿಗೆ ಬೇಕಾದ ಯಾವ ಗುಣವನ್ನು ಇದು ತೋರಿಸುತ್ತದೆ? ಮೊದಲ ಪ್ರಶ್ನೆಗೇ ಎನ್ನೆಸ್ಸೆಸ್ ಶಿಬಿರ ಬಿದ್ದುಹೋಗುತ್ತದೆ. "ಮಾಡಿದಳಂತೆ" ಎಂದರೆ ಕೇಳಿದ ಮಾತು, ಅದನ್ನು ಆ ಶಿಬಿರದ ಅಧಿಕಾರಿ ಬರೆಯಲಿ. ಭಾವಗೀತೆ ಎರಡನೆಯ ಪ್ರಶ್ನೆಗೆ ನಿಲ್ಲುವುದಿಲ್ಲ, ಅವಳ ಸ್ವಪರಿಚಯದಲ್ಲಿ ಅದಕ್ಕೆ ಜಾಗವಿದೆ. ತಂದೆಯ ಕಾಯಿಲೆಯ ಚೀಟಿಯನ್ನು ಬೇರೆ ಇಡಬೇಕು. 58 ಅಂಕಕ್ಕೆ ಅದು ಕಾರಣವಿರಬಹುದು. ಆದರೆ ಮನೆಯ ವಿಷಯ ಅವಳದು. ಅವಳನ್ನು ಕೇಳಿ, ಒಪ್ಪಿದರೆ ಮಾತ್ರ ಒಂದು ಸಾಲು ಬರೆಯಬೇಕು. ನಮ್ಮ ಉದಾಹರಣೆಯಲ್ಲಿ ಅವಳು ಬೇಡವೆನ್ನುತ್ತಾಳೆ ಎಂದುಕೊಳ್ಳೋಣ.

"ಒಳ್ಳೆಯ ಹುಡುಗಿ, ಬಹಳ ಶಿಸ್ತು" ಎಂಬ ಚೀಟಿಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. 2003ರಲ್ಲಿ ಫ್ರಾನ್ಸಿಸ್ ಟ್ರಿಕ್ಸ್ ಮತ್ತು ಕ್ಯಾರೊಲಿನ್ ಸೆಂಕಾ ಎಂಬ ಇಬ್ಬರು ಸಂಶೋಧಕಿಯರು ಅಮೆರಿಕದ ಒಂದು ವೈದ್ಯಕೀಯ ಕಾಲೇಜಿನ ಅಧ್ಯಾಪಕ ಹುದ್ದೆಗಳಿಗೆ ಬಂದಿದ್ದ 300ಕ್ಕೂ ಹೆಚ್ಚು ಶಿಫಾರಸು ಪತ್ರಗಳ ಅಧ್ಯಯನ ಪ್ರಕಟಿಸಿದರು. ಹೆಂಗಸರ ಬಗೆಗಿನ ಪತ್ರಗಳು ಸರಾಸರಿಯಲ್ಲಿ ಚಿಕ್ಕವಾಗಿದ್ದವು. ಶ್ರಮಜೀವಿ, ಶ್ರದ್ಧೆಯುಳ್ಳವಳು ಎಂಬಂಥ ಮಾತು ಅವುಗಳಲ್ಲಿ ಹೆಚ್ಚು ಬರುತ್ತಿತ್ತು. ಗಂಡಸರ ಪತ್ರಗಳಲ್ಲಿ ಸಂಶೋಧನೆಯ ಮಾತು ಹೆಚ್ಚು. ಬರೆದವರು ಕೆಟ್ಟದ್ದನ್ನು ಬಯಸಿರಲಿಲ್ಲ, ಮೆಚ್ಚಿಯೇ ಬರೆದಿದ್ದರು. ನಮ್ಮಲ್ಲಿ ಹುಡುಗಿಯರ ಪತ್ರಗಳಲ್ಲಿ ವಿನಯ, ಶಿಸ್ತು, ನಡತೆ ತಾವಾಗಿಯೇ ಮೊದಲ ಸಾಲಿಗೆ ಬಂದು ಕೂರುವುದನ್ನು ನೋಡಿದವರಿಗೆ ಇದು ಅಪರಿಚಿತವಲ್ಲ. ಆದ್ದರಿಂದ ಈ ಚೀಟಿಯನ್ನು ತೆಗೆದುಬಿಡುವುದೇ ಸರಿ. ಶಿಸ್ತು ನಿಜವಿದ್ದರೆ ಫ್ಲೋರೈಡಿನ ಕಥೆಯಲ್ಲಿ ಅದು ತಾನೇ ಕಾಣುತ್ತದೆ.

ಪತ್ರದ ನಡುಗಂಬ ಆ ಕಥೆಯೇ. ಅರೆಗೀಚಿನ ಒಂದು ಸಾಲಿನಲ್ಲಿದ್ದ ಅದನ್ನು ಮೇಷ್ಟ್ರು ನೆನಪಿನಿಂದ ಮತ್ತು ಅವಳ ಲ್ಯಾಬ್ ಪುಸ್ತಕದಿಂದ ಬಿಡಿಸಿಕೊಳ್ಳಬೇಕು. ಪಾವಗಡದ ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ಹೆಚ್ಚೆಂಬುದು ಬಹುಕಾಲದಿಂದ ತಿಳಿದ ವಿಷಯ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಅದರ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದಾಗ 1.5ರವರೆಗೆ ಒಪ್ಪಿಗೆ. ಅವಳು ಅಯಾನ್ ಎಲೆಕ್ಟ್ರೋಡಿನಿಂದ ಅಳೆಯುತ್ತಿದ್ದಳು. ಒಂದೇ ಬಾಟಲಿಯ ನೀರು ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ತೋರಿಸಿತು. ಎಲೆಕ್ಟ್ರೋಡ್ ಹಾಳಾಗಿದೆ ಎಂದು ಉಳಿದವರು ಹೇಳಿದರು. ಅವಳು ಪುಸ್ತಕ ತಿರುವಿ ಯಾವ ಅಳತೆ ಯಾವ ಹೊತ್ತಿನಲ್ಲಿ ಆಯಿತೆಂದು ನೋಡಿದಳು. ಫ್ರಿಜ್‌ನಿಂದ ತೆಗೆದ ಕೂಡಲೇ ಅಳೆದವೇ ಹೊಂದುತ್ತಿರಲಿಲ್ಲ. ಈ ಎಲೆಕ್ಟ್ರೋಡಿನ ಪ್ರತಿಕ್ರಿಯೆ ಉಷ್ಣತೆಯ ಜೊತೆ ಬದಲಾಗುತ್ತದೆ. ಹೋಲಿಕೆಗೆ ಇಟ್ಟ ದ್ರಾವಣ ಕೋಣೆಯ ಉಷ್ಣತೆಯಲ್ಲಿ, ಮಾದರಿ ತಣ್ಣಗೆ ಇದ್ದರೆ ಲೆಕ್ಕ ತಪ್ಪುತ್ತದೆ. ಅವಳು ಬಂದು ಹೇಳಿದಳು. ಹೇಳಿದ್ದಲ್ಲದೆ, ಹೊಂದಿಕೊಂಡಂತೆ ಕಾಣುತ್ತಿದ್ದವನ್ನೂ ಬಿಡದೆ 24 ಮಾದರಿಗಳನ್ನೂ ಮತ್ತೆ ಅಳೆದಳು.

ಈಗ ಉಳಿದ ಚೀಟಿಗಳು ತಮ್ಮ ಜಾಗ ಕಂಡುಕೊಳ್ಳುತ್ತವೆ. ಓದುವವರು ಯಾವ ಕ್ರಮದಲ್ಲಿ ಪ್ರಶ್ನೆ ಕೇಳುತ್ತಾರೋ ಅದೇ ಪತ್ರದ ಕ್ರಮ. ಅವರ ಮೊದಲ ಪ್ರಶ್ನೆ ಹುಡುಗಿಯ ಬಗ್ಗೆ ಅಲ್ಲ, ಬರೆದವರ ಬಗ್ಗೆ. 1948ರಲ್ಲಿ ಜಾನ್ ನ್ಯಾಶ್ ಪ್ರಿನ್ಸ್‌ಟನ್ನಿಗೆ ಅರ್ಜಿ ಹಾಕಿದಾಗ ಅವರ ಪ್ರಾಧ್ಯಾಪಕ ರಿಚರ್ಡ್ ಡಫಿನ್ ಬರೆದ ಪತ್ರ ಕೆಲವೇ ಸಾಲಿನದು. ಈತ ಗಣಿತದ ಪ್ರತಿಭಾವಂತ ಎಂಬುದೇ ಅದರ ಸಾರ. ಡಫಿನ್ ಯಾರೆಂದು ಗಣಿತಜ್ಞರಿಗೆ ಗೊತ್ತಿತ್ತು. ತುಮಕೂರಿನ ಮೇಷ್ಟ್ರು ಯಾರೆಂದು ಹೊರದೇಶದ ಸಮಿತಿಗೆ ಗೊತ್ತಿಲ್ಲ. ಅವರ ಮಾತಿಗೆ ತೂಕ ಎಲ್ಲಿಂದ ಬಂತೆಂದು ಪತ್ರವೇ ಹೇಳಬೇಕು. ಹಾಗಾಗಿ ಮೊದಲ ಪ್ಯಾರಾ, ಇಂಗ್ಲಿಷಿನಲ್ಲಿ ಹೋಗುವುದರ ಕನ್ನಡ ರೂಪ, ಹೀಗೆ:

"ನಾನು 19 ವರ್ಷಗಳಿಂದ ಪದವಿ ವಿದ್ಯಾರ್ಥಿಗಳಿಗೆ ರಸಾಯನಶಾಸ್ತ್ರ ಕಲಿಸುತ್ತಿದ್ದೇನೆ. ಈ ವಿದ್ಯಾರ್ಥಿನಿಗೆ ಎರಡು ಪತ್ರಿಕೆಗಳನ್ನು ಕಲಿಸಿದ್ದೇನೆ. ಅಂತಿಮ ವರ್ಷದ ಪ್ರಾಜೆಕ್ಟಿಗೆ ಮಾರ್ಗದರ್ಶಕನಾಗಿದ್ದೆ. ಅವಳ ತರಗತಿಯಲ್ಲಿ 42 ಮಂದಿ ಇದ್ದರು. ಪ್ರಯೋಗಾಲಯದ ಕೆಲಸದಲ್ಲಿ ಅವರಲ್ಲಿ ಮೊದಲ ಇಬ್ಬರಲ್ಲಿ ಅವಳು ಒಬ್ಬಳು."

ಕೊನೆಯ ವಾಕ್ಯವನ್ನು ಗಮನಿಸಿ. "ಅತ್ಯುತ್ತಮ ವಿದ್ಯಾರ್ಥಿನಿ" ಎಂದಿಲ್ಲ. ಯಾವುದರಲ್ಲಿ, ಯಾರ ನಡುವೆ ಎಂದು ಹೇಳಿದೆ. 58 ಅಂಕದ ಹುಡುಗಿಯನ್ನು ಎಲ್ಲದರಲ್ಲೂ ಮೊದಲು ಎಂದಿದ್ದರೆ ಪಕ್ಕದಲ್ಲೇ ಇರುವ ಅಂಕಪಟ್ಟಿ ಅದನ್ನು ಅಲ್ಲಗಳೆಯುತ್ತಿತ್ತು.

ಎರಡನೆಯ ಪ್ಯಾರಾ ಫ್ಲೋರೈಡಿಗೆ, ಅದಕ್ಕೇ ಪೂರ್ತಿ. ಅದೇ ಪತ್ರದ ಉದ್ದನೆಯ ಭಾಗ. ಮೂರನೆಯದರಲ್ಲಿ ಟೈಟ್ರೇಶನ್ ಮತ್ತು ವರದಿಯ ಚೀಟಿಗಳು ಸೇರುತ್ತವೆ, ಏಕೆಂದರೆ ಎರಡೂ ತಿಳಿದದ್ದನ್ನು ಇನ್ನೊಬ್ಬರಿಗೆ ತಿಳಿಸುವ ಕೆಲಸಕ್ಕೆ ಸಂಬಂಧಿಸಿದವು. ಕೊನೆಯ ಹನಿಯಲ್ಲಿ ಬಣ್ಣ ತಿರುಗುವುದನ್ನು ಕಾಣಲು ಫ್ಲಾಸ್ಕಿನ ಕೆಳಗೆ ಬಿಳಿ ಹಾಳೆ ಇಡಿ ಎಂದು ಅವಳು ಜೂನಿಯರ್‌ಗಳಿಗೆ ತೋರಿಸಿದ್ದನ್ನು ಒಂದು ವಾಕ್ಯದಲ್ಲಿ ಹೇಳಿದರೆ ಸಾಕು.

ಕೊರತೆಯನ್ನು ಬರೆಯಬೇಕೇ ಎಂದು ಮೇಷ್ಟ್ರುಗಳು ಅಳುಕುತ್ತಾರೆ. ಬರೆಯಬೇಕೆಂದೇ ನನ್ನ ಅಭಿಪ್ರಾಯ, ಒಂದು ಷರತ್ತಿನ ಮೇಲೆ: ಅದರಲ್ಲಿ ಆದ ಬದಲಾವಣೆಯನ್ನೂ ನೀವು ಕಂಡಿರಬೇಕು. "ಅವಳ ಮೊದಲ ಕರಡಿನಲ್ಲಿ ಫಲಿತಾಂಶವೂ ಅದರ ಚರ್ಚೆಯೂ ಕಲೆತುಹೋಗಿದ್ದವು. ತಿದ್ದಿದ ಮೇಲೆ ಬಂದ ಎರಡನೆಯದರಲ್ಲಿ ಅವು ಬೇರೆಯಾಗಿದ್ದವು. ಇಂಗ್ಲಿಷ್ ಬರವಣಿಗೆಯಲ್ಲಿ ಅವಳಿಗೆ ಇನ್ನೂ ಅಭ್ಯಾಸ ಬೇಕು." ಇಷ್ಟು ಹೇಳಿದ ಪತ್ರದ ಹೊಗಳಿಕೆಯನ್ನೂ ಓದುಗರು ನಂಬುತ್ತಾರೆ. 58ರಿಂದ 81ಕ್ಕೆ ಏರಿದ್ದನ್ನು ಇಲ್ಲೇ, ಕಾರಣ ಹುಡುಕಲು ಹೋಗದೆ, ಒಂದು ಸಾಲಿನಲ್ಲಿ ಹೇಳಬಹುದು. ವೈವಾದ ತಡವರಿಕೆಯನ್ನು ಬಿಡಬೇಕು. ಒಂದು ದಿನದ ಅಂಜಿಕೆ ಅದು, ಗುಣವಲ್ಲ.

ಕೊನೆಯ ಪ್ಯಾರಾದಲ್ಲಿ ಎಷ್ಟು ಬಲವಾಗಿ ಶಿಫಾರಸು ಮಾಡುತ್ತೀರಿ, ಈ ಕೋರ್ಸಿಗೆ ಏಕೆ ಎಂಬುದಿರಲಿ. ಒಟ್ಟು ಒಂದರಿಂದ ಎರಡು ಪುಟ, ಕಾಲೇಜಿನ ಲೆಟರ್‌ಹೆಡ್, ಹುದ್ದೆ, ಫೋನ್ ಸಂಖ್ಯೆ. ವಿಶ್ವವಿದ್ಯಾಲಯದ ಹೆಸರಿರುವ ಜಾಗಗಳನ್ನು ಪ್ರತಿ ಪತ್ರ ಕಳಿಸುವ ಮುನ್ನವೂ ಓದಬೇಕು. ಒಂದು ವಿಶ್ವವಿದ್ಯಾಲಯಕ್ಕೆ ಹೋದ ಪತ್ರದಲ್ಲಿ ಇನ್ನೊಂದರ ಹೆಸರು ಉಳಿಯುವುದು ಆಗಾಗ ಆಗುವ ಅವಘಡ.

ಪತ್ರ ಈಗ ವಿದ್ಯಾರ್ಥಿಯ ಕೈಗೆ ಹೋಗುವುದೇ ಅಪರೂಪ. ವಿಶ್ವವಿದ್ಯಾಲಯದಿಂದ ಮೇಷ್ಟ್ರ ಇಮೇಲಿಗೆ ಒಂದು ಲಿಂಕ್ ಬರುತ್ತದೆ, ಎಷ್ಟೋ ಸಲ ಸ್ಪ್ಯಾಮಿನಲ್ಲಿ ಕೂತಿರುತ್ತದೆ. ಅಮೆರಿಕದ 1974ರ ಒಂದು ಕಾನೂನಿನಂತೆ ವಿದ್ಯಾರ್ಥಿಗೆ ತನ್ನ ಕಡತ ನೋಡುವ ಹಕ್ಕಿದೆ. ಶಿಫಾರಸು ಪತ್ರ ಗುಟ್ಟಾಗಿ ಉಳಿಯಲೆಂದು ಬಹಳಷ್ಟು ಅರ್ಜಿದಾರರು ಆ ಹಕ್ಕನ್ನು ಅರ್ಜಿಯಲ್ಲೇ ಬಿಟ್ಟುಕೊಡುತ್ತಾರೆ. ಲಿಂಕ್ ತೆರೆದರೆ ಪತ್ರಕ್ಕೂ ಮೊದಲು ಒಂದು ಕೋಷ್ಟಕ ಸಿಗುವುದುಂಟು: ಬುದ್ಧಿಶಕ್ತಿ, ಬರವಣಿಗೆ, ಸ್ವತಂತ್ರವಾಗಿ ಕೆಲಸ ಮಾಡುವ ಶಕ್ತಿ, ಪ್ರತಿಯೊಂದಕ್ಕೂ ಮೇಲಿನ 5%, 10%, 25% ಎಂಬ ಮನೆಗಳು. ಇಲ್ಲಿ ಉದಾರವಾಗಿ ಎಲ್ಲದಕ್ಕೂ 5% ಒತ್ತಿದರೆ ಪತ್ರದಲ್ಲಿ ಬರೆದ ಬರವಣಿಗೆಯ ಕೊರತೆ ಸುಳ್ಳಾಗುತ್ತದೆ. 42 ಮಂದಿಯಲ್ಲಿ 5% ಎಂದರೆ ಇಬ್ಬರು. ಪ್ರಯೋಗದ ಕೆಲಸಕ್ಕೆ ಆ ಮನೆ ನ್ಯಾಯ. ಬರವಣಿಗೆಗೆ 25% ಒತ್ತುವುದೇ ಸರಿ.

ಇಷ್ಟೆಲ್ಲ ಮಾಡಲು ಮೂರು ವಾರವಾದರೂ ಬೇಕು. ವಿದ್ಯಾರ್ಥಿ ಅಂಕಪಟ್ಟಿ, ಸ್ವಪರಿಚಯ, ಪ್ರಾಜೆಕ್ಟ್ ವರದಿ ಮತ್ತು ಕೊನೆಯ ದಿನಾಂಕಗಳ ಪಟ್ಟಿಯನ್ನು ಕೊಟ್ಟರೆ ಮೇಷ್ಟ್ರ ಅರ್ಧ ಹುಡುಕಾಟ ತಪ್ಪುತ್ತದೆ. ಕರಡು ಪತ್ರ ಕೊಡುವುದಕ್ಕಿಂತ ಇದು ಎಷ್ಟೋ ಮೇಲು. ಕೆಲವು ಸಲ ಚೀಟಿಗಳನ್ನೆಲ್ಲ ಹರಡಿದ ಮೇಲೂ ಅಂಕವೊಂದನ್ನು ಬಿಟ್ಟು ಏನೂ ಉಳಿಯದು. 42 ಮಂದಿಯ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಮೌನವಾಗಿ ಕೂತು ಹೋದವರ ಬಗ್ಗೆ ಮೇಷ್ಟ್ರಿಗೆ ನಿಜವಾಗಿಯೂ ಹೇಳಲು ಇರುವುದಿಲ್ಲ. ಆಗ "ನನ್ನ ಪತ್ರದಿಂದ ನಿನಗೆ ಉಪಯೋಗವಾಗಲ್ಲಪ್ಪ, ಪ್ರಾಜೆಕ್ಟ್ ಮಾಡಿಸಿದವರನ್ನ ಕೇಳು" ಎಂದು ಆ ವಾರವೇ ಹೇಳಿಬಿಡಬೇಕು, ಅವನಿಗೆ ಇನ್ನೊಬ್ಬರ ಬಳಿ ಹೋಗಲು ಸಮಯವಿರುವಾಗಲೇ.