ಉಪ್ಪು ನೀರಿನಲ್ಲಿ ಜಿಪ್ಸಂ ಹೆಚ್ಚು ಕರಗುವುದೇಕೆ?

ರಾಯದುರ್ಗದ ಕಡೆಯವರು ಶೇಂಗಾ ಎನ್ನುತ್ತಾರೆ, ಮಡಕಶಿರದ ಕಡೆಯವರು ಕಡಲೆಕಾಯಿ ಎನ್ನುತ್ತಾರೆ. ರಾಯದುರ್ಗ ಇಂದಿಗೂ ಅನಂತಪುರ ಜಿಲ್ಲೆಯಲ್ಲಿದೆ. ಮಡಕಶಿರ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಹೆಸರು ಎರಡಾದರೂ, ಜಿಲ್ಲೆ ಎರಡಾದರೂ, ಈ ಬೆಳೆಯನ್ನು ನಂಬಿ ಬಾಳುವ ನಮ್ಮ ರೈತರ ಚಿಂತೆ ಒಂದೇ. ಹೂವು ಬಿಡುವ ಹೊತ್ತಿಗೆ ಎಕರೆಗೆ 200 ಕಿಲೋ ಜಿಪ್ಸಂ ಹಾಕಿರೆಂದು ಕೃಷಿ ಇಲಾಖೆಯವರು ಹೇಳುತ್ತಾರೆ. ಹಾಕಿದ ಮೇಲೆ ಮಳೆ ಕೈಕೊಟ್ಟರೆ ಆ ಬಿಳಿ ಪುಡಿ ಮಣ್ಣಿನ ಮೇಲೆ ಹಾಗೆಯೇ ಉಳಿಯುವುದೇ? ಅದು ಕರಗಲು ಎಷ್ಟು ನೀರು ಬೇಕು? ಕೊಳವೆಬಾವಿಯ ಉಪ್ಪು ನೀರು ಹಾಯಿಸಿದರೆ ಏನಾದೀತು? ಈ ವಾರ ನಾವು ಈ ಪ್ರಶ್ನೆಗಳನ್ನೇ ಎತ್ತಿಕೊಂಡಿದ್ದೇವೆ.

ಮೊದಲು, ಜಿಪ್ಸಂ ಕರಗಲೇಬೇಕು ಏಕೆ ಎಂಬುದನ್ನು ನೋಡೋಣ. ಕಡಲೆಕಾಯಿಯ ಹೂವು ಉದುರಿದ ಮೇಲೆ ಒಂದು ಎಳೆ ಮಣ್ಣಿಗೆ ಇಳಿದು ತುದಿಯಲ್ಲಿ ಕಾಯಿ ಕಟ್ಟುತ್ತದೆಯಷ್ಟೆ. ಆ ಕಾಯಿ ತನಗೆ ಬೇಕಾದ ಸುಣ್ಣದ ಅಂಶವನ್ನು, ಅಂದರೆ ಕ್ಯಾಲ್ಸಿಯಂ ಅನ್ನು, ಬಹುಮಟ್ಟಿಗೆ ಸುತ್ತಲಿನ ಮಣ್ಣಿನ ತೇವದಿಂದ ತಾನೇ ಹೀರಿಕೊಳ್ಳುತ್ತದೆ. ಬೇರು ಹೀರಿ ಎಲೆಗೆ ಕಳಿಸಿದ ಕ್ಯಾಲ್ಸಿಯಂ ಮರಳಿ ಕಾಯಿಗೆ ಇಳಿದು ಬರುವುದಿಲ್ಲ. ಆದ್ದರಿಂದ ಕಾಯಿ ಬಲಿಯುವ ಮಣ್ಣಿನಲ್ಲಿಯೇ ಕರಗಿದ ಕ್ಯಾಲ್ಸಿಯಂ ಇರಬೇಕು. ಇಲ್ಲದಿದ್ದರೆ ಕಾಯಿ ಜೊಳ್ಳಾಗುತ್ತದೆ. ಕರಗದೆ ಕುಳಿತ ಜಿಪ್ಸಂ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟ ಹಣದಂತೆ.

ಜಿಪ್ಸಂ ನೀರಿಗೆ ಬಿದ್ದಾಗ ಎರಡು ಬಗೆಯ ಕಣಗಳಾಗಿ ಬಿಡಿಸಿಕೊಳ್ಳುತ್ತದೆ. ಒಂದು ಧನ ವಿದ್ಯುತ್ತಿನ ಕ್ಯಾಲ್ಸಿಯಂ, ಇನ್ನೊಂದು ಋಣ ವಿದ್ಯುತ್ತಿನ ಸಲ್ಫೇಟು. ವಿದ್ಯುತ್ತನ್ನು ಹೊತ್ತ ಇಂಥ ಕಣಗಳಿಗೆ ಅಯಾನುಗಳೆಂದು ಹೆಸರು. ಒಂದು ಕಡೆ ಹರಳಿನಿಂದ ಅಯಾನುಗಳು ಬಿಟ್ಟು ಹೊರಡುತ್ತವೆ; ಇನ್ನೊಂದು ಕಡೆ ನೀರಿನಲ್ಲಿರುವವು ಕೂಡಿ ಮತ್ತೆ ಹರಳಾಗುತ್ತವೆ. ಹೋಗುವುದೂ ಬರುವುದೂ ಸಮನಾದಾಗ ನೀರು ಇನ್ನು ಹೆಚ್ಚು ಜಿಪ್ಸಂ ಹಿಡಿಯಲಾರದು.

ಇದಕ್ಕೆ ರಸಾಯನ ಶಾಸ್ತ್ರದಲ್ಲಿ ಒಂದು ಸ್ಥಿರಾಂಕವಿದೆ. ಅಯಾನುಗಳು ಒಂದರ ಗೊಡವೆ ಒಂದಕ್ಕಿಲ್ಲದೆ ಓಡಾಡಿಕೊಂಡಿರುತ್ತವೆ ಎಂದು ಭಾವಿಸಿದ ದ್ರಾವಣಕ್ಕೆ ಆದರ್ಶ ದ್ರಾವಣ ಎನ್ನುತ್ತಾರೆ. ಆ ಭಾವನೆಯಿಂದ ಲೆಕ್ಕ ಹಾಕಿದರೆ ಒಂದು ಲೀಟರ್ ನೀರಿನಲ್ಲಿ 5.1 ಮಿಲಿಮೋಲ್ ಜಿಪ್ಸಂ ಮಾತ್ರ ಕರಗಬೇಕು. ಮಿಲಿಮೋಲ್ ಎಂದರೆ ಡಜನ್ ಇದ್ದಂತೆ ಒಂದು ಎಣಿಕೆಯ ಅಳತೆ. ಒಂದು ಮಿಲಿಮೋಲ್ ಜಿಪ್ಸಂ 0.172 ಗ್ರಾಂ ತೂಗುತ್ತದೆ. ಅಂದರೆ ಲೀಟರಿಗೆ 0.88 ಗ್ರಾಂ. ಆದರೆ ನಿಜವಾಗಿ ಕರಗಿಸಿ ಅಳೆದರೆ, 25 ಡಿಗ್ರಿ ಶಾಖದಲ್ಲಿ, ಶುದ್ಧ ನೀರಿನ ಲೀಟರಿಗೆ ಸುಮಾರು 2.6 ಗ್ರಾಂ ಕರಗುತ್ತದೆ. ಲೆಕ್ಕಕ್ಕೂ ನಿಜಕ್ಕೂ ಮೂರು ಪಟ್ಟು ಅಂತರ!

ಇದು ಹೊಲದಲ್ಲಿ ಎಷ್ಟಾಗುತ್ತದೆ ನೋಡಿರಿ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಸುಮಾರು 4,047 ಲೀಟರ್ ನೀರು. ಆದರ್ಶ ಲೆಕ್ಕ ನಿಜವಾಗಿದ್ದರೆ 200 ಕಿಲೋ ಜಿಪ್ಸಂ ಕರಗಿಸಲು 2,27,000 ಲೀಟರ್, ಅಂದರೆ 56 ಮಿಲಿಮೀಟರ್ ಮಳೆ ಬೇಕಾಗುತ್ತಿತ್ತು. ನಿಜವಾದ ಲೆಕ್ಕಕ್ಕೆ 77,000 ಲೀಟರ್, ಅಂದರೆ 19 ಮಿಲಿಮೀಟರ್ ಸಾಕು. ನಮ್ಮ ಸೀಮೆಯಲ್ಲಿ ಹೂವಿನ ಹೊತ್ತಿಗೆ 56 ಮಿಲಿಮೀಟರ್ ಮಳೆಯನ್ನು ಕಾಯುವುದಕ್ಕೂ 19 ಕಾಯುವುದಕ್ಕೂ ಇರುವ ವ್ಯತ್ಯಾಸವನ್ನು ಯಾವ ರೈತನಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಆದರ್ಶ ಲೆಕ್ಕ ತಪ್ಪಿದ್ದೆಲ್ಲಿ? ಅಯಾನುಗಳು ಒಂದರ ಗೊಡವೆ ಒಂದಕ್ಕಿಲ್ಲದೆ ಇರುತ್ತವೆ ಎಂಬಲ್ಲಿಯೇ ತಪ್ಪಿತು. ಜಾತ್ರೆಯಲ್ಲಿ ಗಂಡ ಹೆಂಡತಿ ಬೇರೆಬೇರೆಯಾದರೆಂದು ಇಟ್ಟುಕೊಳ್ಳಿರಿ. ಬಯಲು ಖಾಲಿ ಇದ್ದರೆ ಒಂದು ಗಳಿಗೆಯಲ್ಲಿ ಒಬ್ಬರನ್ನೊಬ್ಬರು ಕಂಡು ಕೂಡಿಕೊಳ್ಳುತ್ತಾರೆ. ಜನ ದಟ್ಟವಾಗಿದ್ದರೆ? ಇವಳನ್ನು ನಾಲ್ಕು ಮಂದಿ ನೆಂಟರು ಸುತ್ತುಗಟ್ಟುತ್ತಾರೆ, ಅವನನ್ನು ನಾಲ್ಕು ಮಂದಿ ಗೆಳೆಯರು ಹಿಡಿದು ನಿಲ್ಲಿಸುತ್ತಾರೆ. ಇಬ್ಬರೂ ಜಾತ್ರೆಯಲ್ಲಿಯೇ ಇದ್ದಾರೆ, ಆದರೆ ಕೂಡುವುದು ಕಷ್ಟ. ಅದರಂತೆಯೇ ನೀರಿನಲ್ಲಿ ಪ್ರತಿಯೊಂದು ಧನ ಅಯಾನಿನ ಸುತ್ತ ಋಣ ಅಯಾನುಗಳು ಸ್ವಲ್ಪ ಹೆಚ್ಚಾಗಿ ಸುಳಿದಾಡುತ್ತವೆ. ಋಣದ ಸುತ್ತ ಧನ ಅಯಾನುಗಳು. ಈ ಮುಸುಕಿನೊಳಗಿದ್ದ ಅಯಾನು ಎಣಿಕೆಗೆ ಒಂದಾದರೂ ಕೆಲಸಕ್ಕೆ ಪೂರಾ ಒಂದಲ್ಲ. ಎಣಿಕೆಯಲ್ಲಿ ಕೆಲಸಕ್ಕೆ ಬರುವ ಪಾಲಿಗೆ ಕ್ರಿಯಾಶೀಲತೆ ಎನ್ನುತ್ತಾರೆ. ಹರಳಾಗುವುದನ್ನು ನಿರ್ಧರಿಸುವುದು ಎಣಿಕೆಯಲ್ಲ, ಕ್ರಿಯಾಶೀಲತೆ.

ಜಾತ್ರೆ ಎಷ್ಟು ದಟ್ಟವಾಗಿದೆ ಎಂಬುದನ್ನು ಅಳೆಯುವುದು ಹೇಗೆ? 1921ರಲ್ಲಿ ಅಮೆರಿಕದ ಲೂಯಿಸ್ ಮತ್ತು ರ್‍ಯಾಂಡಲ್ ಇದಕ್ಕೆ ಅಯಾನಿಕ ಬಲ ಎಂಬ ಅಳತೆಯನ್ನು ಕೊಟ್ಟರು. ಪ್ರತಿ ಅಯಾನಿನ ಪ್ರಮಾಣವನ್ನು ಅದರ ವಿದ್ಯುತ್ತಿನ ವರ್ಗದಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಅರ್ಧ ಮಾಡಬೇಕು. ಅಡುಗೆ ಉಪ್ಪಿನ ಅಯಾನುಗಳು ಒಂದೊಂದು ವಿದ್ಯುತ್ತಿನವು. 20 ಮಿಲಿಮೋಲ್ ಉಪ್ಪಿನ ಅಯಾನಿಕ ಬಲ 20. ಜಿಪ್ಸಂ ಅಯಾನುಗಳು ಎರಡೆರಡು ವಿದ್ಯುತ್ತಿನವು. ಎರಡರ ವರ್ಗ ನಾಲ್ಕು. ಆದ್ದರಿಂದ 10 ಮಿಲಿಮೋಲ್ ಜಿಪ್ಸಂ ಬಿಡಿಸಿಕೊಂಡರೆ ಅದರ ಬಲ 40. ಅರ್ಧದಷ್ಟೇ ಇದ್ದರೂ ಬಲ ಎರಡರಷ್ಟು. ಜಿಪ್ಸಂ ತನ್ನ ಜಾತ್ರೆಯನ್ನು ತಾನೇ ನೆರೆಸಿಕೊಳ್ಳುತ್ತದೆ ಎಂದಾಯಿತು.

ಅಯಾನುಗಳ ಈ ಸೆಳೆತವನ್ನು ಲೆಕ್ಕಕ್ಕೆ ತರಲು ಹೊರಟವರಲ್ಲಿ ನಮ್ಮ ದೇಶದವರೂ ಒಬ್ಬರು. 1918ರಲ್ಲಿ ಜ್ಞಾನೇಂದ್ರ ಚಂದ್ರ ಘೋಷರು ಉಪ್ಪಿನ ದ್ರಾವಣಗಳ ವಿಚಿತ್ರ ನಡತೆಗೆ ಅಯಾನುಗಳ ನಡುವಿನ ವಿದ್ಯುತ್ ಸೆಳೆತವೇ ಕಾರಣವೆಂದು ಒಂದು ಸಿದ್ಧಾಂತವನ್ನು ಪ್ರಕಟಿಸಿದರು. ಅಯಾನುಗಳು ಹರಳಿನಲ್ಲಿರುವಂತೆ ನೀರಿನಲ್ಲಿಯೂ ಸಾಲಾಗಿ ನಿಲ್ಲುತ್ತವೆಂದು ಅವರು ಎಣಿಸಿದ್ದು ಸರಿಯಾಗಲಿಲ್ಲ. ಶಾಖದಿಂದ ಅವು ಸದಾ ಓಡಾಡುತ್ತಿರುತ್ತವೆ ಎಂಬುದನ್ನು ಸೇರಿಸಿ 1923ರಲ್ಲಿ ಡಿಬೈ ಮತ್ತು ಹ್ಯೂಕೆಲ್ ಎಂಬ ವಿಜ್ಞಾನಿಗಳು ಲೆಕ್ಕವನ್ನು ತಿದ್ದಿದರು. ಘೋಷರು ಮುಂದೆ 1939ರಿಂದ 1948ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ನಮ್ಮ ಜನ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಸಂಸ್ಥೆಯ, ನಿರ್ದೇಶಕರಾಗಿದ್ದರು.

ಈಗ ಮತ್ತೆ ಜಿಪ್ಸಂ ಲೆಕ್ಕಕ್ಕೆ ಬರೋಣ. ಕ್ರಿಯಾಶೀಲತೆ 5.1 ಮುಟ್ಟುವವರೆಗೆ ಜಿಪ್ಸಂ ಕರಗುತ್ತಲೇ ಹೋಗುತ್ತದೆ. ಶುದ್ಧ ನೀರಿನಲ್ಲಿ, ಜಿಪ್ಸಂ ತಾನೇ ನೆರೆಸಿದ ದಟ್ಟಣೆಯಿಂದ, ಪ್ರತಿ ಅಯಾನಿನ ಕೆಲಸದ ಪಾಲು ಸುಮಾರು 0.48ಕ್ಕೆ ಇಳಿದಿರುತ್ತದೆ. ಆದ್ದರಿಂದ ಬಿಡಿ ಅಯಾನುಗಳು 5.1 ಅಲ್ಲ, 10.7 ಮಿಲಿಮೋಲ್ ಆಗಬೇಕು. ಇದಲ್ಲದೆ ಕೆಲವು ಕ್ಯಾಲ್ಸಿಯಂ ಮತ್ತು ಸಲ್ಫೇಟು ಅಯಾನುಗಳು ಹರಳಾಗದೆ ನೀರಿನಲ್ಲಿಯೇ ಜೋಡಿಯಾಗಿ ತೇಲುತ್ತವೆ. ಅವು ಸುಮಾರು 5.2. ಎರಡನ್ನೂ ಕೂಡಿಸಿದರೆ 15.9 ಮಿಲಿಮೋಲ್, ಅಂದರೆ ಲೀಟರಿಗೆ 2.7 ಗ್ರಾಂ. ಅಳೆದದ್ದು 2.6. ಸೂತ್ರ ಅಂದಾಜಿನದಾದ್ದರಿಂದ ಇಷ್ಟು ವ್ಯತ್ಯಾಸ ಸಹಜ. ಮೂರು ಪಟ್ಟಿನ ಒಗಟು ಬಿಡಿಸಿತಲ್ಲ!

ಇನ್ನು ಕೊಳವೆಬಾವಿಯ ನೀರು. ಲೀಟರಿಗೆ ಸುಮಾರು 1.2 ಗ್ರಾಂ, ಅಂದರೆ 20 ಮಿಲಿಮೋಲ್, ಅಡುಗೆ ಉಪ್ಪು ಇದ್ದಂಥ ನೀರೆಂದು ಇಟ್ಟುಕೊಳ್ಳೋಣ. ದಟ್ಟಣೆ ಹೆಚ್ಚಿತು; ಕೆಲಸದ ಪಾಲು 0.42ಕ್ಕೆ ಇಳಿಯಿತು. ಈಗ 5.1 ಮುಟ್ಟಲು ಬಿಡಿ ಅಯಾನುಗಳು 12.2 ಬೇಕು. ಜೋಡಿಗಳಿಗೆ ವಿದ್ಯುತ್ತಿಲ್ಲವಾದ್ದರಿಂದ ಅವು ಅದೇ 5.2. ಒಟ್ಟು 17.4 ಮಿಲಿಮೋಲ್, ಲೀಟರಿಗೆ 3.0 ಗ್ರಾಂ. ಅದೇ ಸೂತ್ರದಿಂದ ಸಿಹಿ ನೀರಿಗೆ 2.7 ಬಂದಿತ್ತು; ಉಪ್ಪು ನೀರಿನಲ್ಲಿ ಹತ್ತಕ್ಕೆ ಒಂದು ಪಾಲು ಹೆಚ್ಚು ಕರಗಿತು. ಒಂದು ಉಪ್ಪು ಇದ್ದಲ್ಲಿ ಇನ್ನೊಂದಕ್ಕೆ ಜಾಗವಿರದು ಎಂದು ನಮಗೆ ತೋರುತ್ತದೆ. ನಡೆಯುವುದು ಅದರ ತಿರುಗಾಮುರುಗಾ.

ನಂಬಿಕೆ ಬಾರದವರು ಮನೆಯಲ್ಲಿ ಮಾಡಿ ನೋಡಬಹುದು. ಎರಡು ಗಾಜಿನ ಬಾಟಲಿಗಳಲ್ಲಿ ಒಂದೊಂದು ಲೀಟರ್ ಮಳೆನೀರು ತುಂಬಿರಿ. ಒಂದಕ್ಕೆ 60 ಗ್ರಾಂ ಅಡುಗೆ ಉಪ್ಪು ಹಾಕಿ ಕರಗಿಸಿರಿ. ಎರಡಕ್ಕೂ ನುಣ್ಣಗೆ ಪುಡಿ ಮಾಡಿದ 5 ಗ್ರಾಂ ಜಿಪ್ಸಂ ಹಾಕಿ, ಒಂದು ದಿನವೆಲ್ಲ ಆಗಾಗ ಕುಲುಕಿ, ರಾತ್ರಿ ತಿಳಿಯಾಗಲು ಬಿಡಿರಿ. ಸಿಹಿ ನೀರಿನ ತಳದಲ್ಲಿ ಅರ್ಧದಷ್ಟು ಉಳಿದಿರುತ್ತದೆ. ಇಷ್ಟು ಉಪ್ಪಿನ ನೀರು ಅದರ ಎರಡು ಪಟ್ಟಿಗೂ ಹೆಚ್ಚು ಜಿಪ್ಸಂ ಹಿಡಿಯುವುದರಿಂದ ಅದರ ತಳದಲ್ಲಿ ಕಾಣುವುದು ಬರಿಯ ಕಲ್ಮಷ. ಎರಡರಲ್ಲಿಯೂ ಒಂದೇ ಸಮನೆ ಬಹಳ ಉಳಿದರೆ ಪುಡಿಯಲ್ಲಿ ಮಣ್ಣೇ ಹೆಚ್ಚಾಗಿದೆ ಎಂದು ತಿಳಿಯಬೇಕು.

ಆದರೆ ಮೂರು ಮಾತುಗಳನ್ನು ಮರೆಯಬಾರದು. ಮೊದಲನೆಯದು, 19 ಮಿಲಿಮೀಟರ್ ಎಂಬುದು ಕಡಮೆಯೆಂದರೆ ಬೇಕಾದ ನೀರು. ಪ್ರತಿ ಹನಿಯೂ ಜಿಪ್ಸಂ ಬಳಿ ನಿಂತು ತುಂಬಿಕೊಂಡು ಹೋದರೆ ಮಾತ್ರ ಅಷ್ಟು ಸಾಕು. ರಭಸದ ಮಳೆ ಹರಿದು ಹೋಗುತ್ತದೆ, ದಪ್ಪ ಹೆಂಟೆ ನಿಧಾನವಾಗಿ ಕರಗುತ್ತದೆ. ಆದ್ದರಿಂದ ಪುಡಿ ನುಣ್ಣಗಿರಲಿ, ಗಿಡದ ಬುಡದ ಪಕ್ಕ ಬೀಳಲಿ, ಮಣ್ಣಿನಲ್ಲಿ ತೇವ ಇರುವಾಗ ಹಾಕಿ ಮಣ್ಣು ಏರಿಸಿರಿ.

ಎರಡನೆಯದು, ಬಾವಿಯ ನೀರಿನಲ್ಲಿ ಮೊದಲೇ ಸಲ್ಫೇಟು ಇದ್ದರೆ ಲೆಕ್ಕ ತಲೆಕೆಳಗಾಗುತ್ತದೆ. ಸಲ್ಫೇಟಿನ ಪಾಲು ಆಗಲೇ ತುಂಬಿರುವುದರಿಂದ ಜಿಪ್ಸಂ ಕಡಮೆ ಕರಗುತ್ತದೆ. ದಟ್ಟಣೆಯ ಲಾಭಕ್ಕಿಂತ ಈ ನಷ್ಟವೇ ದೊಡ್ಡದು. ರುಚಿ ನೋಡಿ ಇದನ್ನು ತಿಳಿಯಲಾಗದು. ನೀರಿನ ಪರೀಕ್ಷೆಯ ವರದಿಯಲ್ಲಿ ಒಟ್ಟು ಉಪ್ಪಿನ ಜೊತೆಗೆ ಸಲ್ಫೇಟು ಎಷ್ಟೆಂದು ಕೇಳಿ ನೋಡಿರಿ.

ಮೂರನೆಯದೇ ಮುಖ್ಯ. ಉಪ್ಪು ನೀರು ಜಿಪ್ಸಂ ಅನ್ನು ಹೆಚ್ಚು ಕರಗಿಸುತ್ತದೆಂದು ಅದನ್ನೇ ಹುಡುಕಿ ಹಾಯಿಸಬೇಡಿರಿ. ಹತ್ತಕ್ಕೆ ಒಂದು ಪಾಲಿನ ಲಾಭಕ್ಕೆ ಹೊಲಕ್ಕೆಲ್ಲ ಸೋಡಿಯಂ ಸುರಿದಂತಾಗುತ್ತದೆ. ಕಡಲೆಕಾಯಿ ಉಪ್ಪನ್ನು ತಾಳುವ ಬೆಳೆಯಲ್ಲ. ಬೇರೆ ನೀರಿಲ್ಲದೆ ಅಂಥ ನೀರನ್ನೇ ಹಾಯಿಸಬೇಕಾದವರು ಮಾತ್ರ, ಅದರಲ್ಲಿ ಜಿಪ್ಸಂ ಕರಗದೆಂಬ ಅಂಜಿಕೆಯಿಂದ ಹಾಕುವುದನ್ನು ಬಿಡಬೇಕಾಗಿಲ್ಲ. ಅದು ಕರಗುತ್ತದೆ, ಮಳೆನೀರಿಗಿಂತ ತುಸು ಹೆಚ್ಚಾಗಿಯೇ ಕರಗುತ್ತದೆ.